0.96 ಅಥವಾ 0.98: ಗಗನನೌಕೆಯ ಲೆಕ್ಕದಲ್ಲಿ 1.24 ವರ್ಷ ಬರುವುದು ಹೇಗೆ?

ಪ್ರಶ್ನೆ: ಸರ್, ಬಿ.ಎಸ್ಸಿ. ಸಾಪೇಕ್ಷತೆಯ ಅಭ್ಯಾಸದ ಪುಟವೊಂದರ ಫೋಟೊವನ್ನು ಸ್ನೇಹಿತ ಕಳಿಸಿದ್ದಾನೆ. 100 ಮೀಟರ್ ಉದ್ದದ ನೌಕೆಯೊಂದು ಭೂಮಿಯಿಂದ 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿಗೆ 0.98c ಸ್ಥಿರ ವೇಗದಲ್ಲಿ ಹೋಗುತ್ತದೆ (ಕೊನೆಯ ಅಂಕಿ ಸ್ವಲ್ಪ ಮಸುಕಾಗಿದೆ). ಭೂಮಿಯ ಲೆಕ್ಕದಲ್ಲಿ ನನಗೆ 4.33 ವರ್ಷ ಬಂತು, ಗಾಮಾ 5.03 ಬಂತು. ಕಾಲ ಹಿಗ್ಗುತ್ತದೆ ಎಂದು ಗುಣಿಸಿದರೆ ನೌಕೆಯಲ್ಲಿ 21.7 ವರ್ಷ, ಭಾಗಿಸಿದರೆ 0.86 ವರ್ಷ. ಪುಸ್ತಕದ ಹಿಂದಿರುವ ಉತ್ತರ 1.24 ವರ್ಷ, 1.19 ಜ್ಯೋತಿರ್ವರ್ಷ, 28 ಮೀಟರ್. ಯಾವುದು ತಪ್ಪು? 4.24 ಜ್ಯೋತಿರ್ವರ್ಷವನ್ನು 1.24 ವರ್ಷದಲ್ಲಿ ದಾಟಿದರೆ ಬೆಳಕಿಗಿಂತ ವೇಗವಾಗಿ ಹೋದಂತಾಗಲಿಲ್ಲವೆ? ನೌಕೆಯವರಿಗೆ ಭೂಮಿಯ ಗಡಿಯಾರವೇ ನಿಧಾನ ಎಂದಾದರೆ ಭೂಮಿಯಲ್ಲಿ ಹೆಚ್ಚು ವರ್ಷ ಕಳೆಯುವುದು ಹೇಗೆ?

ಉತ್ತರ: ಪುಸ್ತಕದ ಮೂರೂ ಉತ್ತರಗಳು ಸರಿಯಾಗಿವೆ. ನಿಮ್ಮ ಲೆಕ್ಕದಲ್ಲಿ ಎರಡು ಬೇರೆ ಬೇರೆ ತೊಡಕುಗಳು ಒಂದರ ಮೇಲೊಂದು ಬಿದ್ದಿರುವುದರಿಂದ, ಒಂದನ್ನು ತಿದ್ದಿಕೊಂಡಾಗಲೂ ಉತ್ತರ ಕೂಡಿಬರಲಿಲ್ಲ. ಗುಣಿಸಬೇಕೋ ಭಾಗಿಸಬೇಕೋ ಎಂಬುದು ಒಂದು ತೊಡಕು. ಫೋಟೊದಲ್ಲಿ ಮಸುಕಾದ ಆ ಕೊನೆಯ ಅಂಕಿ ಇನ್ನೊಂದು. ಅಂಕಿಯ ವಿಷಯವನ್ನು ಮೊದಲು ಮುಗಿಸೋಣ, ಏಕೆಂದರೆ ಅದನ್ನು ಊಹಿಸುವ ಅಗತ್ಯವಿಲ್ಲ. ಪುಸ್ತಕ ಕೊಟ್ಟಿರುವ ಉತ್ತರಗಳಿಂದಲೇ ಅದನ್ನು ಹಿಂದಕ್ಕೆ ಲೆಕ್ಕ ಹಾಕಿ ತೆಗೆಯಬಹುದು.

ಮೂರು ಉತ್ತರಗಳಲ್ಲಿ 28 ಮೀಟರ್ ಎಂಬುದು ಈ ಕೆಲಸಕ್ಕೆ ಅತ್ಯಂತ ಅನುಕೂಲವಾದದ್ದು. ನೌಕೆಯ ಉದ್ದ ನಿಂತಲ್ಲಿ 100 ಮೀಟರ್, ಓಡುವಾಗ ಭೂಮಿಯವರ ಅಳತೆಗೆ 28 ಮೀಟರ್ ಎಂದರೆ, √(1 − v²/c²) ಎಂಬ ಗುಣಕದ ಬೆಲೆ 0.28. ಅದರ ವರ್ಗ 0.0784. ಒಂದರಿಂದ ಅದನ್ನು ಕಳೆದರೆ 0.9216 ಉಳಿಯುತ್ತದೆ, ಮತ್ತು ಅದರ ವರ್ಗಮೂಲ ಸರಿಯಾಗಿ 0.96. ಹಾಗಾಗಿ ಪುಟದಲ್ಲಿ ಅಚ್ಚಾಗಿರುವುದು 0.96c. ಲೆಕ್ಕ ಬರೆದವರು 0.96 ಅನ್ನು ಆಯ್ದುಕೊಂಡಿರುವುದಕ್ಕೂ ಕಾರಣವಿದೆ: 0.28, 0.96, 1 ಈ ಮೂರೂ ಒಂದು ಲಂಬಕೋನ ತ್ರಿಭುಜದ ಬಾಹುಗಳಾಗುತ್ತವೆ, ಆದ್ದರಿಂದ ವರ್ಗಮೂಲ ಶೇಷವಿಲ್ಲದೆ ಬರುತ್ತದೆ. 0.6 ಮತ್ತು 0.8 ವೇಗಗಳು ಅಭ್ಯಾಸಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದೂ ಇದೇ ಕಾರಣಕ್ಕೆ. 0.98 ಆಗಿದ್ದರೆ ಗುಣಕ 0.19899... ಎಂದು ಮುಗಿಯದೆ ಸಾಗುತ್ತಿತ್ತು, ಮತ್ತು ಹಿಂದಿನ ಪುಟದ ಉತ್ತರ ಸುಮಾರು 19.9 ಮೀಟರ್ ಎಂದಿರುತ್ತಿತ್ತು.

ಎರಡು ಶೇಕಡ ಮಾತ್ರ ವ್ಯತ್ಯಾಸವಿರುವ ವೇಗ ಉತ್ತರವನ್ನು ಇಷ್ಟು ಕೆಡಿಸಬಹುದೆ ಎಂದು ಅನಿಸುವುದು ಸಹಜ. ಭೂಮಿಯ ಲೆಕ್ಕದ ಕಾಲವನ್ನೇ ನೋಡಿ: 4.24 ಅನ್ನು 0.96ರಿಂದ ಭಾಗಿಸಿದರೆ 4.42 ವರ್ಷ, 0.98ರಿಂದ ಭಾಗಿಸಿದರೆ 4.33 ವರ್ಷ. ಇಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೆ. ಆದರೆ ನೌಕೆಯ ಕಾಲ ಅವಲಂಬಿಸಿರುವುದು ವೇಗ ಬೆಳಕಿನ ವೇಗಕ್ಕಿಂತ ಎಷ್ಟು ಕಡಿಮೆ ಉಳಿದಿದೆ ಎಂಬುದರ ಮೇಲೆ. 0.96ರಲ್ಲಿ ಉಳಿದಿರುವುದು ನಾಲ್ಕು ಶೇಕಡ, 0.98ರಲ್ಲಿ ಎರಡು ಶೇಕಡ; ಅಂದರೆ ಉಳಿಕೆ ಅರ್ಧಕ್ಕೆ ಇಳಿಯಿತು. ಆದ್ದರಿಂದಲೇ ಗಾಮಾ 3.57ರಿಂದ 5.03ಕ್ಕೆ ಏರುತ್ತದೆ ಮತ್ತು ನೌಕೆಯ ಕಾಲ 1.24 ವರ್ಷದಿಂದ 0.86 ವರ್ಷಕ್ಕೆ ಬೀಳುತ್ತದೆ. ಬೆಳಕಿನ ವೇಗದ ಸಮೀಪದಲ್ಲಿ ಕೊನೆಯ ಅಂಕಿಗೆ ಮೊದಲ ಅಂಕಿಗಿಂತ ಹೆಚ್ಚು ತೂಕ ಇರುತ್ತದೆ. ಫೋಟೊದಿಂದ ಲೆಕ್ಕ ಎತ್ತಿಕೊಳ್ಳುವಾಗ ಕಣ್ಣು ಹೋಗಬೇಕಾದದ್ದು ಅಲ್ಲಿಗೆ.

ಇದೇ ಜಾಗದಲ್ಲಿ ಇನ್ನೊಂದು ಬಲೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಸೂತ್ರ γ = 1/√(1 − v²/c²). ಅವಸರದಲ್ಲಿ 0.96 ಅನ್ನು ವರ್ಗ ಮಾಡದೆ ಒಂದರಿಂದ ಕಳೆದರೆ 0.04, ಅದರ ವರ್ಗಮೂಲ 0.2, ಗಾಮಾ ಸರಿಯಾಗಿ 5. ನಿಮಗೆ 0.98ರಿಂದ ಬಂದದ್ದು 5.03. ಇವೆರಡೂ ಇಷ್ಟು ಹತ್ತಿರ ಇರುವುದು ಆಕಸ್ಮಿಕವಲ್ಲ, 0.98ರ ವರ್ಗವೇ 0.9604. ಆದ್ದರಿಂದ ಸ್ನೇಹಿತನೊಬ್ಬ 0.96 ಎಂದು ಸರಿಯಾಗಿ ಓದಿ ವರ್ಗ ಮಾಡುವುದನ್ನು ಮರೆತರೆ, ಆತನಿಗೂ ನಿಮಗೂ ಹೆಚ್ಚು ಕಡಿಮೆ ಒಂದೇ ಗಾಮಾ ಬರುತ್ತದೆ, ಮತ್ತು ಇಬ್ಬರಿಗೂ ತಮ್ಮ ಉತ್ತರವೇ ಸರಿ ಎಂಬ ಧೈರ್ಯ ಬಂದುಬಿಡುತ್ತದೆ. ಇಬ್ಬರ ಉತ್ತರ ಒಂದೇ ಆಗಿದೆ ಎಂಬುದನ್ನು ನಂಬುವ ಬದಲು, ಪಡೆದ ಗುಣಕದಿಂದ ವೇಗವನ್ನು ಹಿಂದಕ್ಕೆ ತೆಗೆದು ನೋಡುವುದೇ ಇಲ್ಲಿ ಖಚಿತವಾದ ಪರೀಕ್ಷೆ.

ಈಗ ಗುಣಾಕಾರ ಮತ್ತು ಭಾಗಾಕಾರದ ವಿಷಯ. "ಓಡುವ ಗಡಿಯಾರ ನಿಧಾನ", "ಕಾಲ ಹಿಗ್ಗುತ್ತದೆ" ಎಂಬ ವಾಕ್ಯಗಳನ್ನು ಬಾಯಿಪಾಠ ಮಾಡಿ ಲೆಕ್ಕಕ್ಕೆ ಇಳಿದರೆ ಸರಿಯುತ್ತರ ಬರುವುದು ಅದೃಷ್ಟದ ಮಾತಾಗುತ್ತದೆ. ಓಡುತ್ತಿರುವುದು ಯಾವುದು, ಹಿಗ್ಗುವುದು ಯಾರ ಕಾಲ ಎಂಬುದನ್ನು ಆ ವಾಕ್ಯಗಳು ಹೇಳುವುದಿಲ್ಲ. ಅದರ ಬದಲು ಪ್ರತಿ ಸಲವೂ ಕೇಳಿಕೊಳ್ಳಬೇಕಾದದ್ದು ಇಷ್ಟು: ಈ ಕಾಲಾವಧಿ ಯಾವ ಎರಡು ಘಟನೆಗಳ ನಡುವಿನದು, ಮತ್ತು ಆ ಎರಡೂ ಘಟನೆಗಳು ನಡೆದಾಗ ಅಲ್ಲೇ ಇದ್ದ ಒಂದೇ ಗಡಿಯಾರ ಯಾವುದು? ಸ್ಥಿರ ವೇಗದಲ್ಲಿ ಸಾಗುತ್ತ ಎರಡೂ ಘಟನೆಗಳಿಗೆ ಹಾಜರಾಗಿದ್ದ ಗಡಿಯಾರ ತೋರಿಸುವ ಕಾಲವೇ ಅತ್ಯಂತ ಕಡಿಮೆಯದು. ಪುಸ್ತಕಗಳು ಪ್ರಾಪರ್ ಟೈಮ್ ಎಂದು ಕರೆಯುವುದು ಅದನ್ನೇ. ಉಳಿದ ಯಾವ ಚೌಕಟ್ಟಿನಲ್ಲಿ ಅಳೆದರೂ ಅದರ ಗಾಮಾ ಪಟ್ಟು ಬರುತ್ತದೆ.

ನಿಮ್ಮ ಅಭ್ಯಾಸದಲ್ಲಿ ಮೊದಲ ಘಟನೆ ನೌಕೆ ಭೂಮಿಯನ್ನು ಹಾಯುವುದು, ಎರಡನೆಯದು ನೌಕೆ ಪ್ರಾಕ್ಸಿಮಾ ಸೆಂಟಾರಿಯನ್ನು ಹಾಯುವುದು. ಮೊದಲನೆಯದು ಭೂಮಿಯ ಬಳಿ, ಎರಡನೆಯದು ನಕ್ಷತ್ರದ ಬಳಿ. ಭೂಮಿಯ ಗಡಿಯಾರ ಮೊದಲನೆಯದಕ್ಕೆ ಮಾತ್ರ ಹಾಜರು. ಎರಡನೆಯದರ ಕಾಲವನ್ನು ಬರೆದುಕೊಳ್ಳಲು ಭೂಮಿಯವರಿಗೆ ನಕ್ಷತ್ರದ ಬಳಿ ಇನ್ನೊಂದು ಗಡಿಯಾರ ಬೇಕು. ಎರಡಕ್ಕೂ ಹಾಜರಿರುವುದು ನೌಕೆಯ ಗಡಿಯಾರ ಒಂದೇ. ಆದ್ದರಿಂದ ಕಡಿಮೆ ಕಾಲ ನೌಕೆಯದು, ಹೆಚ್ಚು ಕಾಲ ಭೂಮಿಯದು. ಭೂಮಿಯ ಲೆಕ್ಕದ 4.42 ವರ್ಷವನ್ನು ಗಾಮಾದಿಂದ ಭಾಗಿಸಬೇಕು, ಅಥವಾ ಅದನ್ನೇ 0.28ರಿಂದ ಗುಣಿಸಬೇಕು:

4.24 / 0.96 = 4.4167 ವರ್ಷ
4.4167 × 0.28 = 1.2367 ವರ್ಷ

ಇದನ್ನು ಎರಡು ದಶಮಾಂಶಕ್ಕೆ ಇಳಿಸಿದರೆ 1.24. ಗಾಮಾವನ್ನು ಮೊದಲೇ 3.6 ಎಂದು ಮೊಟಕು ಮಾಡಿಕೊಂಡರೆ 1.23 ಬರುತ್ತದೆ, ಆಗ ಸುಮ್ಮನೆ ಪುಸ್ತಕದ ಮೇಲೆ ಅನುಮಾನ ಹುಟ್ಟುತ್ತದೆ. ಅಂಕಿಗಳನ್ನು ಕೊನೆಯ ಸಾಲಿನವರೆಗೂ ಉಳಿಸಿಕೊಳ್ಳುವುದು ಒಳ್ಳೆಯದು.

ಹಾಗಾದರೆ ನೌಕೆಯ ಕಾಲ ಯಾವಾಗಲೂ ಕಡಿಮೆಯೆ? ಇಲ್ಲ, ಮತ್ತು ಅದನ್ನು ಇದೇ ನೌಕೆಯಲ್ಲಿ ನೋಡಬಹುದು. ನಕ್ಷತ್ರದ ಬಳಿ ಒಂದು ಕಂಬ ನಿಂತಿದೆ, ಅದಕ್ಕೊಂದು ಗಡಿಯಾರ ಕಟ್ಟಿದೆ ಎಂದುಕೊಳ್ಳಿ. ನೌಕೆಯ ಮೂತಿ ಕಂಬವನ್ನು ದಾಟುವುದು ಒಂದು ಘಟನೆ, ಬಾಲ ದಾಟುವುದು ಇನ್ನೊಂದು. ಕಂಬದವರಿಗೆ ನೌಕೆ 28 ಮೀಟರ್ ಉದ್ದ, ವೇಗ ಸೆಕೆಂಡಿಗೆ ಸುಮಾರು 28.78 ಕೋಟಿ ಮೀಟರ್. ಭಾಗಿಸಿದರೆ ದಾಟಲು ಹಿಡಿಯುವ ಕಾಲ ಸುಮಾರು 97 ನ್ಯಾನೊಸೆಕೆಂಡ್. ನೌಕೆಯವರಿಗೆ ತಮ್ಮ ನೌಕೆ ಪೂರ್ತಿ 100 ಮೀಟರ್, ಕಂಬ ಅದೇ ವೇಗದಲ್ಲಿ ಮೂತಿಯಿಂದ ಬಾಲದವರೆಗೆ ಓಡುತ್ತದೆ. ಅವರಿಗೆ ಸುಮಾರು 347 ನ್ಯಾನೊಸೆಕೆಂಡ್. ಈ ಸಲ ನೌಕೆಯ ಕಾಲವೇ 3.57 ಪಟ್ಟು ಹೆಚ್ಚು. ಎರಡೂ ಘಟನೆಗಳು ನಡೆದದ್ದು ಕಂಬದ ಬಳಿ, ಹಾಗಾಗಿ ಎರಡಕ್ಕೂ ಹಾಜರಿದ್ದದ್ದು ಕಂಬದ ಗಡಿಯಾರ. ನೌಕೆಯವರಿಗೆ ಮೂತಿಯಲ್ಲೊಂದು ಬಾಲದಲ್ಲೊಂದು ಎಂದು ಎರಡು ಗಡಿಯಾರ ಬೇಕಾಯಿತು. ಅದೇ ನೌಕೆ, ಅದೇ ವೇಗ, ಅದೇ ಗಾಮಾ, ಆದರೆ ಗುಣಿಸುವ ಮತ್ತು ಭಾಗಿಸುವ ಸ್ಥಾನ ಅದಲುಬದಲು. ಘಟನೆಗಳನ್ನು ಗುರುತಿಸದೆ ಸೂತ್ರಕ್ಕೆ ಕೈಹಾಕಬಾರದು ಎಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕಾಗಿಯೇ.

ಬೆಳಕಿಗಿಂತ ವೇಗವಾಯಿತಲ್ಲ ಎಂಬ ನಿಮ್ಮ ಎರಡನೆಯ ಸಂದೇಹದಲ್ಲಿ ಒಬ್ಬರ ದೂರವನ್ನು ಇನ್ನೊಬ್ಬರ ಕಾಲದಿಂದ ಭಾಗಿಸಲಾಗಿದೆ. 4.24 ಜ್ಯೋತಿರ್ವರ್ಷ ಎಂಬುದು ಭೂಮಿ ಮತ್ತು ನಕ್ಷತ್ರ ಎರಡೂ ನಿಂತಿವೆ ಎನ್ನುವ ಚೌಕಟ್ಟಿನ ದೂರ. 1.24 ವರ್ಷ ನೌಕೆಯ ಗಡಿಯಾರದ್ದು. ನೌಕೆಯವರ ಅಳತೆಯಲ್ಲಿ ಭೂಮಿಯಿಂದ ನಕ್ಷತ್ರದವರೆಗಿನ ದೂರವೇ 4.24 × 0.28, ಅಂದರೆ 1.1872 ಜ್ಯೋತಿರ್ವರ್ಷ. ಇದೇ ಪುಸ್ತಕದ 1.19. ಅವರ ಅಂಕಿಗಳನ್ನು ಅವರಲ್ಲೇ ಭಾಗಿಸಿ: 1.1872 / 1.2367 = 0.96. ಭೂಮಿಯವರ ಅಂಕಿಗಳನ್ನು ಅವರಲ್ಲೇ ಭಾಗಿಸಿ: 4.24 / 4.4167 = 0.96. ನಿಂತವರು ನೌಕೆಯ ವೇಗ ಎನ್ನುವುದೂ ನೌಕೆಯವರು ನಕ್ಷತ್ರ ತಮ್ಮತ್ತ ಬರುವ ವೇಗ ಎನ್ನುವುದೂ ಒಂದೇ ಆಗಿರಲೇಬೇಕು. ಉತ್ತರ ಪುಸ್ತಕದಲ್ಲಿ ಇಲ್ಲದಿದ್ದಾಗ ಇದೇ ನಿಮ್ಮ ತಾಳೆ: ಪ್ರತಿಯೊಬ್ಬರ ದೂರವನ್ನು ಅವರವರ ಕಾಲದಿಂದ ಭಾಗಿಸಿದಾಗ ಎರಡೂ ಕಡೆ ಪ್ರಶ್ನೆಯಲ್ಲಿ ಕೊಟ್ಟ ವೇಗವೇ ಬರಬೇಕು. ನಿಮ್ಮ 21.7 ವರ್ಷವನ್ನು ಈ ಪರೀಕ್ಷೆಗೆ ಒಡ್ಡಿದ್ದರೆ, ನೌಕೆಯವರ ದೂರ 4.24ಕ್ಕಿಂತ ಹೆಚ್ಚು ಎಂದು ಒಪ್ಪಬೇಕಾಗಿ ಬಂದು, ಉದ್ದ ಕುಗ್ಗುತ್ತದೆ ಎಂಬ ಇನ್ನೊಂದು ಸೂತ್ರದೊಡನೆ ಅಲ್ಲೇ ಜಗಳ ಕಾಣಿಸುತ್ತಿತ್ತು.

ಇಲ್ಲಿ ದೂರ ಕುಗ್ಗುವುದೂ ಕಾಲ ಕಡಿಮೆಯಾಗುವುದೂ ಎರಡು ಬೇರೆ ಬೇರೆ ಪರಿಣಾಮಗಳಾಗಿ ಒಂದರ ಮೇಲೊಂದು ಸೇರುವುದಿಲ್ಲ. ಭೂಮಿಯವರು ನೌಕೆಯ ಗಡಿಯಾರ ನಿಧಾನ ಎಂದು 1.24ಕ್ಕೆ ಬರುತ್ತಾರೆ, ನೌಕೆಯವರು ತಮ್ಮ ಗಡಿಯಾರ ಸರಿಯಾಗಿಯೇ ಇದೆ, ದೂರ ಕಡಿಮೆ ಎಂದು ಅದೇ 1.24ಕ್ಕೆ ಬರುತ್ತಾರೆ. ಹೀಗಿದ್ದೂ ಹಲವರು ಕುಗ್ಗಿದ ದೂರವನ್ನು ವೇಗದಿಂದ ಭಾಗಿಸಿ 1.24 ಪಡೆದ ಮೇಲೆ, ಕಾಲಕ್ಕೂ ಒಂದು ಸಲ ಗಾಮಾ ಹಾಕಬೇಕಲ್ಲವೆ ಎಂದು ಇನ್ನೊಮ್ಮೆ 0.28ರಿಂದ ಗುಣಿಸುತ್ತಾರೆ. ಆಗ ಬರುವುದು 0.346 ವರ್ಷ. ನಿಮ್ಮ ಅಭ್ಯಾಸದ ಪ್ರಶ್ನೆಗೆ ಇದು ತಪ್ಪು ಉತ್ತರ. ಆದರೆ ನಿಮ್ಮ ಮೂರನೆಯ ಸಂದೇಹಕ್ಕೆ ಬೇಕಾದ ಅಂಕಿ ಇದೇ.

ನೌಕೆಯವರ ದೃಷ್ಟಿಯಲ್ಲಿ ತಾವು ನಿಂತಿದ್ದಾರೆ, ಭೂಮಿ ಹಿಂದಕ್ಕೆ 0.96c ವೇಗದಲ್ಲಿ ಸರಿಯುತ್ತಿದೆ, ನಕ್ಷತ್ರ ಅದೇ ವೇಗದಲ್ಲಿ ಎದುರಿನಿಂದ ಬರುತ್ತಿದೆ. ಆ ಎರಡರ ಗಡಿಯಾರಗಳೂ ಓಡುತ್ತಿರುವುದರಿಂದ ಎರಡೂ ನಿಧಾನ. ತಮ್ಮ 1.2367 ವರ್ಷ ಕಳೆಯುವಷ್ಟರಲ್ಲಿ ಭೂಮಿಯ ಗಡಿಯಾರ 0.346 ವರ್ಷ ಮಾತ್ರ ನಡೆದಿದೆ ಎಂದು ಅವರು ಹೇಳುತ್ತಾರೆ, ಮತ್ತು ಅದು ಸರಿಯಾದ ಮಾತೇ. ಹಾಗಿದ್ದರೂ ನಕ್ಷತ್ರವನ್ನು ಹಾಯುವ ಕ್ಷಣದಲ್ಲಿ ಕಿಟಕಿಯಿಂದ ನೋಡಿದರೆ, ಅಲ್ಲಿ ಭೂಮಿಯವರು ಇಟ್ಟಿರುವ ಗಡಿಯಾರ 4.42 ವರ್ಷ ತೋರಿಸುತ್ತಿರುತ್ತದೆ. ಒಂದೇ ಜಾಗದಲ್ಲಿ ಒಂದೇ ಕ್ಷಣದಲ್ಲಿ ಇರುವ ಎರಡು ಮುಳ್ಳುಗಳ ಓದಿನ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯ ಇರಲಾಗದು. ನಿಧಾನವಾಗಿ ನಡೆದ ಗಡಿಯಾರ ಮುಂದೆ ಇರುವುದು ಹೇಗೆ?

ಉತ್ತರ ಅಡಗಿರುವುದು ಆ ಎರಡು ಗಡಿಯಾರಗಳನ್ನು ಹೊಂದಿಸಿದ ರೀತಿಯಲ್ಲಿ. ಭೂಮಿಯವರು ಹೀಗೆ ಮಾಡಿರುತ್ತಾರೆ: ಭೂಮಿಗೂ ನಕ್ಷತ್ರಕ್ಕೂ ಸರಿಯಾಗಿ ನಡುವಿನ ಬಿಂದುವಿನಲ್ಲಿ ಒಂದು ದೀಪ ಮಿಂಚಿಸಿ, ಆ ಬೆಳಕು ತಲುಪಿದ ಕ್ಷಣದಲ್ಲಿ ಎರಡೂ ಕಡೆಯ ಗಡಿಯಾರಗಳನ್ನು ಸೊನ್ನೆಯಿಂದ ಚಾಲೂ ಮಾಡುತ್ತಾರೆ. ದೂರ ಸಮಾನ, ಬೆಳಕಿನ ವೇಗ ಸಮಾನ, ಆದ್ದರಿಂದ ಅವರಿಗೆ ಎರಡೂ ಒಟ್ಟಿಗೆ ಆರಂಭವಾದವು. ನೌಕೆಯವರು ಅದೇ ಘಟನೆಯನ್ನು ಲೆಕ್ಕ ಹಾಕುವಾಗ ಬೆಳಕಿನ ವೇಗ ಅವರಿಗೂ ಅದೇ c, ಆದರೆ ನಕ್ಷತ್ರ ಆ ಬೆಳಕಿನ ಎದುರಿಗೆ ಓಡಿಬರುತ್ತಿದೆ, ಭೂಮಿ ಅದರಿಂದ ಓಡಿಹೋಗುತ್ತಿದೆ. ಅವರ ಅಳತೆಯಲ್ಲಿ ಅರ್ಧ ದೂರ 0.5936 ಜ್ಯೋತಿರ್ವರ್ಷ. ನಕ್ಷತ್ರದ ಕಡೆಯ ಅಂತರ ವರ್ಷಕ್ಕೆ 1.96 ಜ್ಯೋತಿರ್ವರ್ಷದಂತೆ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಬೆಳಕು 0.30 ವರ್ಷದಲ್ಲಿ ನಕ್ಷತ್ರವನ್ನು ಮುಟ್ಟುತ್ತದೆ. ಭೂಮಿಯ ಕಡೆಯ ಅಂತರ ವರ್ಷಕ್ಕೆ 0.04 ಜ್ಯೋತಿರ್ವರ್ಷದಂತೆ ಮಾತ್ರ ಕಡಿಮೆಯಾಗುತ್ತದೆ, ಹಾಗಾಗಿ ಭೂಮಿಯನ್ನು ಮುಟ್ಟಲು 14.84 ವರ್ಷ ಬೇಕು. (1.96 ಎಂಬುದನ್ನು ಕಂಡು ಗಾಬರಿಯಾಗಬೇಡಿ. ಅದು ಎರಡರ ನಡುವಿನ ಅಂತರ ಕುಗ್ಗುವ ದರ, ಯಾವುದೇ ಒಂದು ವಸ್ತುವಿನ ವೇಗವಲ್ಲ.)

ಆದ್ದರಿಂದ ನೌಕೆಯವರ ಪ್ರಕಾರ ನಕ್ಷತ್ರದ ಗಡಿಯಾರ ಭೂಮಿಯ ಗಡಿಯಾರಕ್ಕಿಂತ 14.54 ವರ್ಷ ಮೊದಲೇ ಚಾಲೂ ಆಗಿದೆ. ಆದರೆ ಅದು ನಿಧಾನ ಗಡಿಯಾರ; 14.54 ವರ್ಷದಲ್ಲಿ ಅದು ನಡೆದಿರುವುದು 14.54 × 0.28, ಅಂದರೆ 4.07 ವರ್ಷ. ನೌಕೆ ಭೂಮಿಯನ್ನು ಹಾಯುವಾಗ ಭೂಮಿಯ ಗಡಿಯಾರ ಸೊನ್ನೆ ತೋರಿಸುತ್ತದೆ, ಅದೇ ಕ್ಷಣದಲ್ಲಿ, ನೌಕೆಯವರ ಲೆಕ್ಕಕ್ಕೆ, ನಕ್ಷತ್ರದ ಗಡಿಯಾರ ಆಗಲೇ 4.07 ವರ್ಷ ತೋರಿಸುತ್ತಿದೆ. ಪ್ರಯಾಣದ ಅವಧಿಯಲ್ಲಿ ಅದು ಇನ್ನೂ 0.346 ವರ್ಷ ನಡೆಯುತ್ತದೆ:

4.0704 + 0.3463 = 4.4167 ವರ್ಷ

ದೀಪದ ಕಥೆಯೆಲ್ಲ ಬೇಡವೆನಿಸಿದರೆ, ಹೊಂದಿಕೆಯ ಈ ವ್ಯತ್ಯಾಸವನ್ನು vL/c² ಎಂಬ ಸಣ್ಣ ಸೂತ್ರದಿಂದ ನೇರವಾಗಿ ಪಡೆಯಬಹುದು, 0.96 × 4.24 ಎಂದರೆ ಅದೇ 4.0704. ಇದರಲ್ಲಿ L ಎಂಬುದು ಗಡಿಯಾರಗಳು ನಿಂತಿರುವ ಚೌಕಟ್ಟಿನ ದೂರ, ಹಾಗಾಗಿ 4.24 ಹಾಕಬೇಕು, ಕುಗ್ಗಿದ 1.19 ಅಲ್ಲ. ಆದರೂ ಒಂದು ಸಲವಾದರೂ ದೀಪದ ದಾರಿಯಲ್ಲೇ ಹೋಗಿ ಎಂದು ಹೇಳುತ್ತೇನೆ. ಒಬ್ಬರಿಗೆ ಏಕಕಾಲದಲ್ಲಿ ನಡೆದದ್ದು ಇನ್ನೊಬ್ಬರಿಗೆ ಏಕಕಾಲದಲ್ಲಿ ನಡೆದಿಲ್ಲ ಎಂಬುದು ಅಲ್ಲಿ ಕೈಗೆ ಸಿಗುವಷ್ಟು ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಕಾಲ ಹಿಗ್ಗುವುದು, ಉದ್ದ ಕುಗ್ಗುವುದು ಎರಡೂ ಅದರಿಂದಲೇ ಅರ್ಥವಾಗುತ್ತವೆ. ಓಡುವ ನೌಕೆಯ ಉದ್ದ ಅಳೆಯುವುದೆಂದರೆ ಮೂತಿ ಎಲ್ಲಿದೆ, ಬಾಲ ಎಲ್ಲಿದೆ ಎಂದು ಒಂದೇ ಕ್ಷಣದಲ್ಲಿ ಗುರುತು ಹಾಕುವುದು. ಭೂಮಿಯವರು ಒಂದೇ ಕ್ಷಣದಲ್ಲಿ ಗುರುತು ಹಾಕಿದೆವು ಎಂದರೆ, ನೌಕೆಯವರು "ನೀವು ಮೂತಿಯನ್ನು ಮೊದಲು ಗುರುತಿಸಿ, ನೌಕೆ ಮುಂದೆ ಸರಿದ ಮೇಲೆ ಬಾಲವನ್ನು ಗುರುತಿಸಿದಿರಿ, ಆದ್ದರಿಂದ ನಿಮಗೆ 28 ಮೀಟರ್ ಬಂತು" ಎನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಚೌಕಟ್ಟಿನಲ್ಲಿ ಸರಿ.

ಇಲ್ಲಿಯವರೆಗೆ ನಾನು ಅಳೆಯುವುದು ಎಂದೇ ಬರೆದಿದ್ದೇನೆ, ನೋಡುವುದು ಎಂದು ಬರೆದಿಲ್ಲ. ಅಭ್ಯಾಸದ ಪುಟಗಳಲ್ಲಿ ಈ ಎರಡು ಮಾತುಗಳನ್ನು ಬೆರೆಸುವುದರಿಂದ ಬಹಳ ಗೊಂದಲವಾಗುತ್ತದೆ. ಭೂಮಿಯಿಂದ ದೂರದರ್ಶಕದಲ್ಲಿ ನೌಕೆಯ ಗಡಿಯಾರವನ್ನು ನೋಡುತ್ತ ಕುಳಿತವರಿಗೆ ಅದು 3.57 ಪಟ್ಟು ನಿಧಾನವಾಗಿ ಕಾಣುವುದಿಲ್ಲ, ಸರಿಯಾಗಿ 7 ಪಟ್ಟು ನಿಧಾನವಾಗಿ ಕಾಣುತ್ತದೆ. ನೌಕೆ ನಕ್ಷತ್ರವನ್ನು ಹಾಯುವುದು 4.4167 ವರ್ಷಕ್ಕೆ, ಆದರೆ ಆ ದೃಶ್ಯದ ಬೆಳಕು ಭೂಮಿಗೆ ಮರಳಲು ಇನ್ನೂ 4.24 ವರ್ಷ ಬೇಕು; ಒಟ್ಟು 8.6567 ವರ್ಷ. ಅಷ್ಟು ಕಾಲದಲ್ಲಿ ಅವರು ಕಂಡಿರುವುದು ನೌಕೆಯ 1.2367 ವರ್ಷ ಮಾತ್ರ, ಮತ್ತು 8.6567 ಇದರ ಏಳರಷ್ಟೇ. ಬೆಳಕು ಬರಲು ಹಿಡಿಯುವ ಕಾಲವನ್ನು ಕಳೆದ ಮೇಲೆ ಉಳಿಯುವ ನಿಧಾನವೇ ಗಾಮಾ. ಪ್ರಶ್ನೆಯಲ್ಲಿ "ಭೂಮಿಯವರಿಗೆ ಕಾಣುವ ಕಾಲ" ಎಂದಿದ್ದರೂ ಲೇಖಕರ ಮನಸ್ಸಿನಲ್ಲಿರುವುದು ಬಹುಪಾಲು ಅಳತೆಯ ಕಾಲವೇ. ಡಾಪ್ಲರ್ ಪರಿಣಾಮ ಬೇಕಿದ್ದರೆ ಅವರು ಸಂಕೇತ ಕಳಿಸುವುದನ್ನೋ ಆವೃತ್ತಿಯನ್ನೋ ಪ್ರಸ್ತಾಪಿಸಿರುತ್ತಾರೆ.

ಇವೆಲ್ಲ ಬರಿಯ ಕಾಗದದ ಲೆಕ್ಕವೆ ಎಂಬ ಪ್ರಶ್ನೆ ನಿಮ್ಮಲ್ಲಿ ಇದ್ದರೆ, ಇದೇ ಅಭ್ಯಾಸವನ್ನು ಪ್ರಕೃತಿ ನೌಕೆಯ ಬದಲು ಮ್ಯೂಆನ್ ಎಂಬ ಕಣವನ್ನಿಟ್ಟು ಮಾಡಿ ತೋರಿಸುತ್ತದೆ. ವಾತಾವರಣದ ಎತ್ತರದಲ್ಲಿ ಹುಟ್ಟುವ ಈ ಕಣದ ಸರಾಸರಿ ಆಯುಸ್ಸು 2.2 ಮೈಕ್ರೊಸೆಕೆಂಡ್. 1963ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಡೇವಿಡ್ ಫ್ರಿಶ್ ಮತ್ತು ಜೇಮ್ಸ್ ಸ್ಮಿತ್ ಎಂಬ ಇಬ್ಬರು ಭೌತವಿಜ್ಞಾನಿಗಳು ಅಮೆರಿಕದ ಮೌಂಟ್ ವಾಷಿಂಗ್ಟನ್ ಶಿಖರದಲ್ಲಿ, ಸುಮಾರು 1900 ಮೀಟರ್ ಎತ್ತರದಲ್ಲಿ, ಬೆಳಕಿನ ವೇಗದ ಶೇಕಡ 99ಕ್ಕೂ ಹೆಚ್ಚು ವೇಗದ ಮ್ಯೂಆನ್‌ಗಳನ್ನು ಗಂಟೆಗೆ ಸುಮಾರು 560ರಂತೆ ಎಣಿಸಿದರು. ಸಮುದ್ರಮಟ್ಟಕ್ಕೆ ಇಳಿಯಲು ನಮ್ಮ ಗಡಿಯಾರದಲ್ಲಿ 6.4 ಮೈಕ್ರೊಸೆಕೆಂಡ್ ಬೇಕು. ಕಣದ ಕಾಲವೂ ಅಷ್ಟೇ ಆಗಿದ್ದರೆ ಕೆಳಗೆ ಗಂಟೆಗೆ ಮೂವತ್ತರ ಆಸುಪಾಸು ಮಾತ್ರ ಉಳಿಯಬೇಕಿತ್ತು. ಎಣಿಕೆಯಲ್ಲಿ ಸಿಕ್ಕಿದ್ದು 400ಕ್ಕೂ ಹೆಚ್ಚು. ಅಷ್ಟು ಉಳಿಯಬೇಕಾದರೆ ಕಣಗಳಿಗೆ ಕಳೆದ ಕಾಲ ಸುಮಾರು 0.7 ಮೈಕ್ರೊಸೆಕೆಂಡ್ ಮಾತ್ರ, ಅಂದರೆ ಗಾಮಾ ಒಂಬತ್ತರ ಸಮೀಪ. ಶಿಖರದ ಬಳಿ ಇರುವುದು, ಸಮುದ್ರಮಟ್ಟ ಮುಟ್ಟುವುದು ಈ ಎರಡೂ ಘಟನೆಗಳಿಗೆ ಹಾಜರಿರುವ ಗಡಿಯಾರ ಮ್ಯೂಆನ್‌ನದೇ, ಆದ್ದರಿಂದ ಕಡಿಮೆ ಕಾಲ ಅದರದು. ಮತ್ತು ಅದರ ಚೌಕಟ್ಟಿನಲ್ಲಿ ಆ ಪರ್ವತದ ಎತ್ತರವೇ ಸುಮಾರು 210 ಮೀಟರ್. ನಿಮ್ಮ 1.24 ವರ್ಷ ಮತ್ತು 1.19 ಜ್ಯೋತಿರ್ವರ್ಷಗಳ ಜೋಡಿ ಇಲ್ಲಿ 0.7 ಮೈಕ್ರೊಸೆಕೆಂಡ್ ಮತ್ತು 210 ಮೀಟರ್ ಆಗಿ ಬಂದಿದೆ.

ಕೊನೆಯದಾಗಿ, ಅಭ್ಯಾಸದಲ್ಲಿರುವ "ಸ್ಥಿರ ವೇಗದಲ್ಲಿ" ಎಂಬ ಮಾತನ್ನು ಹಗುರವಾಗಿ ದಾಟಬೇಡಿ. ನೌಕೆ ಭೂಮಿಯಿಂದ ಹೊರಟು ನಕ್ಷತ್ರದಲ್ಲಿ ಇಳಿಯುವುದಿಲ್ಲ; ಆಗಲೇ 0.96c ವೇಗದಲ್ಲಿರುವ ನೌಕೆ ಎರಡನ್ನೂ ಹಾದುಹೋಗುತ್ತದೆ, ಅಷ್ಟೆ. ಹೊರಟು ಇಳಿಯುವ ಪ್ರಯಾಣದ ಲೆಕ್ಕ ಬೇರೆಯೇ ಆಗುತ್ತದೆ. ಒಳಗಿನವರಿಗೆ ಭೂಮಿಯ ಮೇಲೆ ನಿಂತಷ್ಟೇ ತೂಕ ಅನುಭವಕ್ಕೆ ಬರುವಂತೆ, ಅಂದರೆ 9.8 ಮೀ/ಸೆ² ವೇಗೋತ್ಕರ್ಷದಲ್ಲಿ ಅರ್ಧ ದಾರಿ ವೇಗ ಹೆಚ್ಚಿಸಿಕೊಂಡು ಉಳಿದರ್ಧ ಅದೇ ದರದಲ್ಲಿ ತಗ್ಗಿಸಿದರೆ, ನಡುದಾರಿಯಲ್ಲಿ ತಲುಪುವ ಅತಿ ಹೆಚ್ಚಿನ ವೇಗ ಸುಮಾರು 0.95c. 0.96c ಮುಟ್ಟಲು ಮಾತ್ರವೇ ಸುಮಾರು 2.5 ಜ್ಯೋತಿರ್ವರ್ಷ ದಾರಿ ಬೇಕು, ಅಷ್ಟೇ ದಾರಿ ನಿಲ್ಲಲು ಬೇಕು. ಎರಡೂ ಸೇರಿದರೆ ಪ್ರಾಕ್ಸಿಮಾ ಸೆಂಟಾರಿಯನ್ನು ದಾಟಿಯೇ ಹೋಗುತ್ತದೆ. ಅಂಥ ಪ್ರಯಾಣದಲ್ಲಿ ಭೂಮಿಯ ಲೆಕ್ಕಕ್ಕೆ ಸುಮಾರು 5.9 ವರ್ಷ, ನೌಕೆಯ ಗಡಿಯಾರದಲ್ಲಿ ಸುಮಾರು 3.5 ವರ್ಷ ಕಳೆಯುತ್ತದೆ. ಆ ಅಂಕಿಗಳನ್ನು 1/√(1 − v²/c²) ಸೂತ್ರದಲ್ಲಿ ಒಂದೇ ವೇಗ ಹಾಕಿ ಪಡೆಯಲಾಗದು. ವೇಗ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಪ್ರತಿ ಸಣ್ಣ ಅವಧಿಗೂ ಅಲ್ಲಲ್ಲಿನ ಗಾಮಾ ಹಾಕಿ ಕೂಡಿಸುತ್ತ ಹೋಗಬೇಕು. ನಿಮ್ಮ ಪುಟದ ಮುಂದಿನ ಅಭ್ಯಾಸದಲ್ಲಿ "ವಿಶ್ರಾಂತ ಸ್ಥಿತಿಯಿಂದ ಹೊರಟು" ಎಂಬ ಪದಗಳು ಕಂಡರೆ, ಅಲ್ಲಿ ಈ ಉತ್ತರದ ವಿಧಾನವನ್ನು ಹಾಗೆಯೇ ಬಳಸಬೇಡಿ.